ಮೊದಲ ವಾರ 15 ನಿಮಿಷ ಸಾಕು

ಬನ್ನಿ ಮಕ್ಕಳೇ, ಎಲ್ಲರೂ ಜಗಲಿಯ ಒಳಗೆ ಬನ್ನಿ. ಹಿಂದೆ ನಿಂತವರು ನೆನೆಯಬೇಡಿ, ಇನ್ನೂ ಸ್ವಲ್ಪ ಮುಂದೆ ಬನ್ನಿ. ಕೊಡೆಗಳನ್ನು ಆ ಮೂಲೆಯಲ್ಲಿ ಇಡಿ.

ಈ ಮಳೆ ನಿಲ್ಲಲಿ, ಆಮೇಲೆ ಅಭ್ಯಾಸ ಶುರು ಮಾಡೋಣ ಅಂತ ಕಾಯುವ ಹಾಗಿಲ್ಲ. ನಮ್ಮೂರಿನಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಹೋಬಳಿ ಮಟ್ಟದ ಕೂಟಕ್ಕೆ ಇನ್ನು 10 ವಾರ ಇದೆ. ಆ 10 ವಾರವೂ ಮಳೆಯಲ್ಲೇ ಕಳೆಯುತ್ತದೆ. ಮೈದಾನದಲ್ಲಿ ನೀರು ನಿಂತ ದಿನ ಈ ಉದ್ದ ಜಗಲಿಯಲ್ಲಿ ಡ್ರಿಲ್ ಮಾಡುತ್ತೇವೆ. ಗುಡುಗು ಮಿಂಚು ಬಂದರೆ ಯಾರೂ ಹೊರಗೆ ಇರಬಾರದು, ನಾನು ಕರೆಯುವ ತನಕ ಕಾಯಬೇಡಿ, ನೀವೇ ಒಳಗೆ ಓಡಿ ಬನ್ನಿ. ಉಳಿದ ದಿನ ಓಡುತ್ತೇವೆ.

ವಾರಕ್ಕೆ ನಾಲ್ಕು ದಿನ ಅಭ್ಯಾಸ: ಸೋಮವಾರ, ಮಂಗಳವಾರ, ಗುರುವಾರ, ಶನಿವಾರ. ಸಂಜೆ 4ಕ್ಕೆ ಶುರು, 5ಕ್ಕೆ ಮುಗಿಯುತ್ತದೆ. ದೂರದ ಎಸ್ಟೇಟ್‌ಗಳಿಂದ ಬರುವವರಿಗೆ ಬಸ್ ತಪ್ಪಬಾರದು. ಶನಿವಾರ ಮಾತ್ರ ಬೆಳಗಿನ ಶಾಲೆ ಬಿಟ್ಟ ಮೇಲೆ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಈ ನಾಲ್ಕು ದಿನ ತಪ್ಪಿಸಬೇಡಿ. ಹಾಗೆಯೇ, ಈ ನಾಲ್ಕು ದಿನದ ಮೇಲೆ ಏನನ್ನೂ ಸೇರಿಸಲೂ ಬೇಡಿ. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ, ಅದು ನನಗೆ ಗೊತ್ತು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ 800 ಮೀಟರ್ ಓಡುತ್ತಿದ್ದೆ. ತಾಲ್ಲೂಕಿನಲ್ಲಿ ಗೆದ್ದೆ. ಜಿಲ್ಲಾ ಮಟ್ಟಕ್ಕೆ ಮೂರು ವಾರ ಇತ್ತು. ಅಷ್ಟು ದಿನ ಸುಮಾರಾಗಿ ಓಡಿದವಳು ಒಮ್ಮೆಲೇ ಬೆಳಿಗ್ಗೆಯೂ ಸಂಜೆಯೂ ಓಡತೊಡಗಿದೆ. ಮನೆಯ ಹತ್ತಿರದ ಏರು ರಸ್ತೆಯಲ್ಲಿ ಹತ್ತು ಸಲ ಹತ್ತುವುದು, ಹತ್ತು ಸಲ ಇಳಿಯುವುದು. ಒಂದು ವಾರ ಮೈ ಹಗುರವಾಗಿತ್ತು. ಎರಡನೇ ವಾರ ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ನೋವು ಶುರುವಾಯಿತು. ಬೆರಳಿಟ್ಟು ತೋರಿಸುವ ಹಾಗಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಹೆಸರು ತೆಗೆದುಬಿಡುತ್ತಾರೆ ಅನ್ನುವ ಭಯ. ಕೊನೆಗೆ ಶಾಲೆಯ ಮೆಟ್ಟಿಲು ಹತ್ತಲೂ ಆಗಲಿಲ್ಲ. ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಜಿಲ್ಲಾ ಕೂಟದ ದಿನ ನಾನು ಮನೆಯಲ್ಲಿ ಕಾಲು ಚಾಚಿ ಕೂತಿದ್ದೆ. ಆ ದಿನದ ಬೇಜಾರು ನನಗೆ ಇವತ್ತಿಗೂ ಹೋಗಿಲ್ಲ. ನಿಮ್ಮಲ್ಲಿ ಒಬ್ಬರಿಗೂ ಅದು ಬರಬಾರದು.

ಯಾಕೆ ಹಾಗಾಯಿತು ಅಂದರೆ, ಓಡಿದರೆ ಉಸಿರು ಬೇಗ ಪಳಗುತ್ತದೆ. ಎರಡು ಮೂರು ವಾರದಲ್ಲೇ ಏದುಸಿರು ಕಡಿಮೆಯಾಗುತ್ತದೆ. ಆಮೇಲೆ ಸ್ನಾಯು. ಎಲುಬು, ಮತ್ತೆ ಸ್ನಾಯುವನ್ನು ಎಲುಬಿಗೆ ಕಟ್ಟಿರುವ ನರದಂಥ ಪಟ್ಟಿ ಇದೆಯಲ್ಲ, ಅವು ನಿಧಾನ. ಅವಕ್ಕೆ ತಿಂಗಳುಗಳು ಬೇಕು. ಉಸಿರು 'ಇನ್ನೂ ಓಡಬಹುದು' ಅನ್ನುತ್ತದೆ, ಎಲುಬು ಇನ್ನೂ ಸಿದ್ಧವಾಗಿರುವುದಿಲ್ಲ. ಅದರ ಮೇಲೆ ನಿಮ್ಮದು ಬೆಳೆಯುವ ವಯಸ್ಸು. ಹೋದ ವರ್ಷದ ಯೂನಿಫಾರ್ಮ್ ಈ ವರ್ಷ ಗಿಡ್ಡವಾಗಿದೆ ಅಲ್ವಾ? ಹಾಗೆ ಸರ್ರನೆ ಎತ್ತರವಾಗುವಾಗ ಕಾಲಿನ ಮೇಲೆ ಹೊರೆ ಹಾಕುವುದರಲ್ಲಿ ಇನ್ನೂ ಹುಷಾರಾಗಿರಬೇಕು.

ಅದಕ್ಕೇ ಮೊದಲ ವಾರ ದಿನಕ್ಕೆ 15 ನಿಮಿಷ ಮಾತ್ರ ಓಟ. ಎರಡನೇ ವಾರ 17, ಮೂರನೇ ವಾರ 19. ನಾಲ್ಕನೇ ವಾರ ವಾಪಸ್ 15. ಆ ವಾರ ಮೈಗೆ ಬಿಡುವು, ಸೋಮಾರಿತನ ಅಂದುಕೊಳ್ಳಬೇಡಿ. ಐದನೇ ವಾರದಿಂದ 100, 200ರವರಿಗೆ ವೇಗದ ಓಟ ಸ್ವಲ್ಪ ಸ್ವಲ್ಪ ಸೇರಿಸುತ್ತೇನೆ. ಲಾಂಗ್ ಜಂಪ್‌ನವರು ಒಂದು ದಿನಕ್ಕೆ 10 ಜಿಗಿತ, ಅಷ್ಟೇ. ಹನ್ನೊಂದನೆಯದು ಚೆನ್ನಾಗಿ ಬರುತ್ತದೆ ಅನ್ನಿಸಿದರೂ ನಿಲ್ಲಿಸಿ. ಶಾಟ್‌ಪುಟ್‌ನವರು ಮೊದಲ ಎರಡು ವಾರ ಗುಂಡು ಮುಟ್ಟುವುದು ಬೇಡ, ನಿಲ್ಲುವ ಕ್ರಮ, ತಿರುಗುವ ಕ್ರಮ ಮಾತ್ರ ಕಲಿಯಿರಿ. ಸ್ಟಾಪ್‌ವಾಚ್ ನನ್ನ ಮೇಜಿನ ಡ್ರಾಯರ್‌ನಲ್ಲಿ ಇರುತ್ತದೆ. ಒಂದು ತಿಂಗಳು ಯಾರ ಟೈಮಿಂಗೂ ಕೇಳಬೇಡಿ.

ಹೋದ ವರ್ಷ ಒಬ್ಬಳು ಕೇಳಿದಳು, "ಮಿಸ್, ಅಶ್ವಿನಿ ನಾಚಪ್ಪ ದಿನಕ್ಕೆ ಎಷ್ಟು ಓಡುತ್ತಿದ್ದರು?" ಅಂತ. ನಮ್ಮ ಕೊಡಗಿನವರು, ಕೇಳಬೇಕು ಅನ್ನಿಸುವುದು ಸಹಜ. ಆದರೆ ಅವರು ಹುಟ್ಟಿದ್ದು 1967ರಲ್ಲಿ, ಅರ್ಜುನ ಪ್ರಶಸ್ತಿ ಬಂದದ್ದು 1988ರಲ್ಲಿ. ಅಷ್ಟು ಹೊತ್ತಿಗೆ ಅವರ ಬೆನ್ನ ಹಿಂದೆ ಎಷ್ಟು ವರ್ಷದ ಓಟ ಇತ್ತು, ಯೋಚಿಸಿ. ಆ ಓಟಗಾರ್ತಿಯ ಲೆಕ್ಕವನ್ನು 13 ವರ್ಷದ ಕಾಲಿಗೆ ಹಾಕಬಾರದು. ನಿಮಗೆ ಹೋಲಿಕೆ ಬೇಕಾದರೆ ಹೋದ ವಾರದ ನಿಮ್ಮ ಜೊತೆಗೇ ಮಾಡಿಕೊಳ್ಳಿ.

ಇನ್ನು ನಿದ್ದೆ. ನಿಮ್ಮ ವಯಸ್ಸಿಗೆ 8ರಿಂದ 10 ಗಂಟೆ ಬೇಕು. ಮೈ ಬೆಳೆಸುವ ಹಾರ್ಮೋನ್ ಹೆಚ್ಚಾಗಿ ಹೊರಬರುವುದೇ ಗಾಢ ನಿದ್ದೆಯಲ್ಲಿ. ಓಡಿ ದಣಿದ ಸ್ನಾಯು ರಿಪೇರಿ ಆಗುವುದೂ ಆಗಲೇ. ರಾತ್ರಿ 11ರ ತನಕ ಮೊಬೈಲ್ ಹಿಡಿದು ಕೂತರೆ ಸಂಜೆ ಓಡಿದ್ದು ಅರ್ಧ ದಂಡ. ಕರೆಂಟ್ ಹೋದ ರಾತ್ರಿ ಬೇಗ ಮಲಗುತ್ತೀರಲ್ಲ, ಕರೆಂಟ್ ಇರುವ ರಾತ್ರಿಯೂ ಹಾಗೇ ಮಲಗಿ.

ಊಟಕ್ಕೆ ವಿಶೇಷ ಏನೂ ಬೇಡ, ಡಬ್ಬದ ಪುಡಿಯಂತೂ ಬೇಡವೇ ಬೇಡ. ಮನೆಯ ಅಕ್ಕಿ ರೊಟ್ಟಿ, ಕಡಂಬುಟ್ಟು, ಮೊಟ್ಟೆ, ಬೇಳೆ, ಸೊಪ್ಪು ಸಾಕು. ಹೊಟ್ಟೆ ತುಂಬಾ ತಿನ್ನಿ. ಬೆಳಿಗ್ಗೆ ಬರೀ ಕಾಫಿ ಕುಡಿದು ಬರುವವರು ಇಲ್ಲಿ ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು. ಅಭ್ಯಾಸದ ದಿನ ಬ್ಯಾಗಿನಲ್ಲಿ ಒಂದು ಬಾಳೆಹಣ್ಣು ಇರಲಿ. ಚಳಿ ಇದೆ ಅಂತ ನೀರು ಕುಡಿಯುವುದನ್ನು ಮರೆಯಬೇಡಿ. ತರಲು ಕಷ್ಟ ಇರುವವರು ನನ್ನ ಹತ್ತಿರ ಒಬ್ಬರೇ ಬಂದು ಹೇಳಿ, ವ್ಯವಸ್ಥೆ ಮಾಡುತ್ತೇನೆ.

ಓಟ ಮುಗಿದ ಕೂಡಲೇ ಒಣ ಅಂಗಿ ಹಾಕಿಕೊಳ್ಳಿ. ನೆಂದ ಶೂ ಒಳಗೆ ಹಳೇ ಪೇಪರ್ ತುರುಕಿ ಒಲೆಯಿಂದ ಸ್ವಲ್ಪ ದೂರ ಇಡಿ, ತೀರಾ ಹತ್ತಿರ ಇಟ್ಟರೆ ಅಂಟು ಬಿಟ್ಟುಕೊಳ್ಳುತ್ತದೆ. ಬೆರಳಿನ ಸಂದು ಒರೆಸಿಕೊಳ್ಳಿ. ಜಿಗಣೆ ಹಿಡಿದಿದೆಯಾ ನೋಡಿಕೊಳ್ಳಿ.

ನೋವಿನ ವಿಷಯ ಇನ್ನೊಮ್ಮೆ ಹೇಳುತ್ತೇನೆ. ತೊಡೆ, ಮೀನಖಂಡ ಎಲ್ಲ ಬಿಗಿದ ಹಾಗೆ ಎರಡು ದಿನ ನೋಯುವುದು ಮಾಮೂಲಿ, ಹೆದರಬೇಡಿ. ಒಂದೇ ಜಾಗದಲ್ಲಿ ಚುಚ್ಚಿದ ಹಾಗೆ ನೋವು, ಓಡಿದಷ್ಟೂ ಜಾಸ್ತಿಯಾಗುವ ನೋವು, ರಾತ್ರಿ ಎಬ್ಬಿಸುವ ನೋವು ಇದ್ದರೆ ಅವತ್ತೇ ಹೇಳಿ. ಹುಡುಗಿಯರು ಮುಟ್ಟಿನ ದಿನ ಹೊಟ್ಟೆನೋವು, ಸುಸ್ತು ಇದ್ದರೆ ನಾಚಿಕೊಳ್ಳದೆ ಹೇಳಿ, ಅವತ್ತು ನಡೆದರೆ ಸಾಕು. ಹೇಳಿದ್ದಕ್ಕೆ ನಾನು ಯಾರ ಹೆಸರನ್ನೂ ತೆಗೆಯುವುದಿಲ್ಲ. ನಿಮ್ಮೆಲ್ಲರ ಮುಂದೆ ಮಾತು ಕೊಡುತ್ತಿದ್ದೇನೆ.

ನಾಟಿ ಸಮಯದಲ್ಲಿ ಮನೆಯಲ್ಲಿ ಗದ್ದೆ ಕೆಲಸ ಇರುತ್ತದೆ. ಅರ್ಧ ದಿನ ಕೆಸರಿನಲ್ಲಿ ಬಗ್ಗಿ ನಾಟಿ ಮಾಡಿದವರು ಸಂಜೆ ಓಡಬೇಕಾಗಿಲ್ಲ. ಅದೂ ದುಡಿತವೇ, ಪುಸ್ತಕದಲ್ಲಿ ಬರೆಯಿರಿ.

ಪುಸ್ತಕ ಅಂದೆನಲ್ಲ, ಇಗೋ, ಒಬ್ಬೊಬ್ಬರಿಗೆ ಒಂದು 40 ಹಾಳೆಯ ನೋಟ್‌ಬುಕ್. ದಿನಾ ಮೂರು ಸಾಲು ಸಾಕು: ಏನು ಮಾಡಿದೆ, ಎಷ್ಟು ಹೊತ್ತು ಮಲಗಿದೆ, ಎಲ್ಲಾದರೂ ನೋವು ಇದೆಯಾ. ಓಡದ ದಿನವೂ ಬರೆಯಬೇಕು. ಶನಿವಾರ ನಾನು ಒಂದೊಂದನ್ನೂ ಓದುತ್ತೇನೆ.

ಮಳೆ ಸ್ವಲ್ಪ ಕಡಿಮೆಯಾದ ಹಾಗಿದೆ. ಇಬ್ಬಿಬ್ಬರು ಜೊತೆಯಾಗಿ. ಹತ್ತನೇ ಕ್ಲಾಸಿನವರು ಒಬ್ಬೊಬ್ಬ ಹೊಸ ಮಗುವನ್ನು ಜೊತೆಗೆ ಕರೆದುಕೊಳ್ಳಿ. ಗೋಲ್ ಪೋಸ್ಟ್ ಹತ್ತಿರ ಜಾರುತ್ತದೆ, ಅಲ್ಲಿ ಸುತ್ತು ಹಾಕಿಕೊಂಡು ಹೋಗಿ. ಓಡುತ್ತಾ ಪಕ್ಕದವರ ಜೊತೆ ಮಾತಾಡುತ್ತಿರಬೇಕು. ಮಾತಾಡಲು ಉಸಿರು ಸಾಲದಿದ್ದರೆ ವೇಗ ಜಾಸ್ತಿಯಾಯಿತು ಅಂತ ಅರ್ಥ, ಇಳಿಸಿ. 15 ನಿಮಿಷಕ್ಕೆ ಸೀಟಿ ಊದುತ್ತೇನೆ. ನಡೀರಿ.