ಪುಟ್ಟನ ಎಸ್ಸೆಸ್ಸೆಲ್ಸಿ ಚೀಲ: ಹಿಂದಿನ ರಾತ್ರಿ ಟಿಕ್ ಹಾಕುವ ಪಟ್ಟಿ

ಪುಟ್ಟ, ಈ ಹಾಳೆಯನ್ನು ಬೀರುವಿನ ಬಾಗಿಲ ಒಳಗಡೆ ಅಂಟಿಸಿಕೋ. ಆರು ಪೇಪರ್ ಇವೆ, ಆರು ರಾತ್ರಿಯೂ ಇದನ್ನು ನೋಡಬೇಕು. ಬೆಳಿಗ್ಗೆ ನೋಡ್ತೀನಿ ಅನ್ನಬೇಡ. ಬೆಳಿಗ್ಗೆ ನೀನು ಸಾಕ್ಸ್ ಹುಡುಕುತ್ತಾ ಇರುತ್ತೀಯ, ಅಮ್ಮ ದೋಸೆ ತಿನ್ನು ಅಂತ ಕೂಗುತ್ತಾ ಇರುತ್ತಾಳೆ. ಪೆನ್ಸಿಲಿನಲ್ಲಿ ಟಿಕ್ ಹಾಕು, ಮರುದಿನ ಅಳಿಸಿ ಮತ್ತೆ ಹಾಕಬಹುದು.

ಮೊದಲು ಹಾಲ್ ಟಿಕೆಟ್

☐ ಅಸಲು ಹಾಲ್ ಟಿಕೆಟ್ ಚೀಲದಲ್ಲಿದೆ. ಜೆರಾಕ್ಸ್ ಅಲ್ಲ, ಫೋನಿನಲ್ಲಿ ತೆಗೆದ ಫೋಟೋ ಅಲ್ಲ, ಅಸಲು.

☐ ಹೆಡ್‌ಮಾಸ್ಟರ್ ಸಹಿ ಮತ್ತು ಶಾಲೆಯ ಸೀಲು ಎರಡೂ ಇವೆ.

☐ ನಿನ್ನ ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ತಾರೀಖು, ಫೋಟೋ, ಮಾಧ್ಯಮ, ಮೊದಲ ಭಾಷೆ ಎಲ್ಲ ಸರಿ ಇವೆ. ಇದನ್ನು ಟಿಕೆಟ್ ಕೈಗೆ ಬಂದ ದಿನವೇ ನೋಡು. ಒಂದು ಅಕ್ಷರ ತಪ್ಪಿದ್ದರೂ ಆವತ್ತೇ ಶಾಲೆಯಲ್ಲಿ ಹೇಳು.

☐ ಹಿಂದೆ ಮುಂದೆ ಎಲ್ಲೂ ಏನೂ ಬರೆದಿಲ್ಲ. ಫೋನ್ ನಂಬರ್ ಕೂಡ ಬೇಡ. ಕೊಠಡಿಯಲ್ಲಿ ಅದು ಚೀಟಿಯ ಹಾಗೆ ಕಾಣುತ್ತದೆ.

☐ ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿದೆ. ಲ್ಯಾಮಿನೇಷನ್ ಮಾಡಿಸಬೇಡ.

☐ ಎರಡು ಜೆರಾಕ್ಸ್ ತೆಗೆಸಿ ಆಗಿದೆ. ಒಂದು ಅಪ್ಪನ ಹತ್ತಿರ, ಒಂದು ದೇವರ ಗೂಡಿನಲ್ಲಿ.

ಈ ಜೆರಾಕ್ಸ್ ವಿಷಯದಲ್ಲಿ ನನ್ನ ಕಥೆ ನಿನಗೆ ಗೊತ್ತಿಲ್ಲ, ನೀನು ಆಗ ಚಿಕ್ಕವನು. ಮೊದಲ ಪೇಪರಿನ ಹಿಂದಿನ ಸಂಜೆ ಪ್ರತಿ ತೆಗೆಸಿದೆ. ಪ್ರತಿ ಎರಡೂ ಕೈಯಲ್ಲಿ, ಅಸಲು ಮಾತ್ರ ಮೆಷಿನ್ನಿನ ಮುಚ್ಚಳದ ಕೆಳಗೇ ಉಳಿಯಿತು! ರಾತ್ರಿ ಹತ್ತಕ್ಕೆ ಗೊತ್ತಾಯಿತು. ಬೆಳಿಗ್ಗೆ ಆರೂವರೆಗೆ ಅಪ್ಪ ಅಂಗಡಿಯವರ ಮನೆ ಬಾಗಿಲು ತಟ್ಟಿ, ಅವರು ಲುಂಗಿಯಲ್ಲೇ ಬಂದು ಶೆಟರ್ ಎತ್ತಿದರು. ಟಿಕೆಟ್ ಗಾಜಿನ ಮೇಲೆ ಬೋರಲು ಮಲಗಿತ್ತು. ಹಾಗಾಗಿ ಈ ಕೆಲಸವನ್ನು ವಾರ ಮೊದಲೇ ಮುಗಿಸು. ಪರೀಕ್ಷೆ ದಿನ ಕೇಂದ್ರದ ಸುತ್ತ ನಿಷೇಧಾಜ್ಞೆ ಇರುತ್ತದೆ, ಹತ್ತಿರದ ಜೆರಾಕ್ಸ್ ಅಂಗಡಿಗಳನ್ನೂ ಮುಚ್ಚಿಸುತ್ತಾರೆ.

ಆದರೂ ಟಿಕೆಟ್ ಮರೆತು ಕೇಂದ್ರ ಮುಟ್ಟಿಬಿಟ್ಟರೆ ವಾಪಸ್ ಊರಿಗೆ ಓಡಬೇಡ. ಗೇಟಿನ ಹತ್ತಿರ ನಮ್ಮ ಶಾಲೆಯ ಮೇಷ್ಟ್ರು ಯಾರಾದರೂ ಇರುತ್ತಾರೆ, ಅವರಿಗೆ ಹೇಳು. ಕೇಂದ್ರದ ಮುಖ್ಯ ಅಧೀಕ್ಷಕರ ಹತ್ತಿರ ನೋಂದಣಿ ಸಂಖ್ಯೆಗಳ ಪಟ್ಟಿ ಇರುತ್ತದೆ. ಅಷ್ಟರಲ್ಲಿ ಅಪ್ಪ ತಂದುಕೊಡುತ್ತಾರೆ.

ಬರೆಯುವ ಸಾಮಾನು

☐ ನೀಲಿ ಬಾಲ್ ಪೆನ್ನು ಮೂರು, ಒಂದೇ ಜಾತಿಯವು. ಮೂರರಲ್ಲೂ ಒಂದೊಂದು ಪುಟ ಬರೆದು ನೋಡಿದ ಮೇಲೆ ಟಿಕ್ ಹಾಕು. ಹೊಚ್ಚ ಹೊಸ ಪೆನ್ನು ಮೊದಲ ಪುಟದಲ್ಲಿ ತೊದಲುತ್ತದೆ. ಮಾವ ಕೊಟ್ಟ ಇಂಕ್ ಪೆನ್ನು ಚೆನ್ನಾಗಿದೆ, ಆದರೆ ಮಾರ್ಚ್ ಬಿಸಿಲಿನಲ್ಲಿ ಬೆವರುವ ಕೈಗೆ ಅದು ಬೇಡ. ಮನೆಯಲ್ಲೇ ಇರಲಿ.

☐ ಕಪ್ಪು ಪೆನ್ನು ಒಂದು, ತಲೆಬರಹಕ್ಕೆ ಬೇಕಿದ್ದರೆ. ಕೆಂಪು, ಹಸಿರು ಬೇಡವೇ ಬೇಡ. ಕೆಂಪು ಮೌಲ್ಯಮಾಪಕರದು.

☐ ಕೆತ್ತಿದ ಪೆನ್ಸಿಲ್ ಎರಡು, ಮೆಂಡರ್, ರಬ್ಬರ್.

☐ 15 ಸೆಂಟಿಮೀಟರ್ ಸ್ಕೇಲು, ಅಂಚು ಮುರಿಯದೇ ಇರುವುದು.

☐ ಎಕ್ಸಾಂ ಪ್ಯಾಡು. ನನ್ನದನ್ನೇ ತಗೋ, ಅದು ಬೋಳು. ಪೇಟೆಯಲ್ಲಿ ಸಿಗುವ ಕೆಲವಕ್ಕೆ ಮಗ್ಗಿ, ಸೂತ್ರ ಎಲ್ಲ ಅಚ್ಚು ಹಾಕಿರುತ್ತಾರೆ. ಅಂಥದ್ದು ಒಳಗೆ ಹೋಗಲ್ಲ.

ಮುಂದಿನದು ಆಯಾ ದಿನಕ್ಕೆ ಮಾತ್ರ.

☐ ಗಣಿತ: ಜ್ಯಾಮಿಟ್ರಿ ಬಾಕ್ಸ್. ಕೈವಾರದ ತಿರುಪು ಬಿಗಿ ಮಾಡು. ಸಡಿಲ ಇದ್ದರೆ ವೃತ್ತ ಹೊರಟ ಜಾಗಕ್ಕೇ ವಾಪಸ್ ಬರಲ್ಲ. ಬಾಕ್ಸ್ ತೆಗೆದು ಒಳಗಡೆ ನೋಡು. ಕೊಳ್ಳುವಾಗ ಅದರಲ್ಲಿ ಸೂತ್ರಗಳ ಸಣ್ಣ ಹಾಳೆ ಮಡಚಿಟ್ಟಿರುತ್ತಾರೆ. ನಾವು ಅದನ್ನು ನೋಡಿಯೇ ಇರಲ್ಲ, ತಪಾಸಣೆಗೆ ಬಂದವರು ಮೊದಲು ನೋಡುವುದು ಅದನ್ನೇ. ಮುಚ್ಚಳದ ಒಳಗೆ ನೀನು ಎಂಟನೇ ಕ್ಲಾಸಿನಲ್ಲಿ ಕೆರೆದಿದ್ದು (a+b)² ಇನ್ನೂ ಇದೆ. ಸ್ಕೇಲಿನ ಹಿಂದೆಯೂ ಏನೋ ಇದೆ. ಸ್ಪಿರಿಟ್ ಹಾಕಿ ಉಜ್ಜು, ಹೋಗದಿದ್ದರೆ ಬೇರೆ ತಗೋ.

☐ ವಿಜ್ಞಾನ: ಚಿತ್ರಕ್ಕೆ ಇನ್ನೊಂದು ಚೂಪು ಪೆನ್ಸಿಲ್. ಬಣ್ಣದ ಪೆನ್ಸಿಲ್ ಬೇಡ. ಹೃದಯಕ್ಕೆ ಕೆಂಪು ಹಚ್ಚಿದರೆ ಅಂಕ ಜಾಸ್ತಿ ಕೊಡಲ್ಲ, ಭಾಗಗಳನ್ನು ಗುರುತಿಸಿದರೆ ಕೊಡುತ್ತಾರೆ.

☐ ಸಮಾಜ: ಭೂಪಟಕ್ಕೂ ಅದೇ ಪೆನ್ಸಿಲ್ ಸಾಕು.

ಜೊತೆಗೆ

☐ ನೀರಿನ ಬಾಟಲಿ, ಪಾರದರ್ಶಕ, ಸುತ್ತಲಿನ ಲೇಬಲ್ ಕಿತ್ತದ್ದು. ಅದನ್ನು ಡೆಸ್ಕ್ ಮೇಲೆ ಇಡಬೇಡ, ಕಾಲ ಹತ್ತಿರ ಇಡು. ಉತ್ತರಪತ್ರಿಕೆ ಒದ್ದೆಯಾದರೆ ಯಾರೂ ಏನೂ ಮಾಡೋಕಾಗಲ್ಲ.

☐ ಕರ್ಚೀಫು.

☐ ಮುಳ್ಳಿನ ಕೈಗಡಿಯಾರ, ಅಪ್ಪನದು. ಅದನ್ನೂ ಬಿಚ್ಚು ಅಂದರೆ ವಾದ ಮಾಡದೆ ಬಿಚ್ಚಿಕೊಡು.

☐ 50 ರೂಪಾಯಿ ಚಿಲ್ಲರೆ. ಹಾಲ್ ಟಿಕೆಟ್ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ದುಡ್ಡು ತಗೊಳ್ಳಲ್ಲ ಅಂತಾರೆ. ಆ ಬಸ್ಸು ಬರದೇ ಇದ್ದರೆ ಆಟೋ ಬೇಕಲ್ವಾ?

ಒಳಗೆ ಬೇಡದ್ದು: ಗೇಟಿಗೆ ಮೊದಲು ಜೇಬು ತಡಕು

☐ ಮೊಬೈಲ್ ಮನೆಯಲ್ಲಿ. ಸ್ವಿಚ್ ಆಫ್ ಮಾಡಿ ಚೀಲದಲ್ಲಿ ಇಡ್ತೀನಿ ಅನ್ನಬೇಡ. ಗೇಟಿನ ಹತ್ತಿರ ಇಟ್ಟುಕೊಳ್ಳುವವರು ಯಾರೂ ಇಲ್ಲ, ಅದರ ಯೋಚನೆಯಲ್ಲೇ ಮೂರು ಗಂಟೆ ಹೋಗುತ್ತದೆ.

☐ ಸ್ಮಾರ್ಟ್ ವಾಚು, ಬ್ಲೂಟೂತ್, ಇಯರ್‌ಫೋನ್ ಇಲ್ಲ. ಕ್ಯಾಲ್ಕುಲೇಟರ್ ಇಲ್ಲ. ವೈಟ್ನರ್ ಇಲ್ಲ. ತಪ್ಪಾದರೆ ಒಂದು ಗೆರೆ ಎಳೆದು ಮುಂದೆ ಬರಿ.

☐ ಪುಸ್ತಕ, ನೋಟ್ಸು, ಗೈಡು ಹೊರಗೆ. ಬಸ್ಸಿನಲ್ಲಿ ಓದಿದ ಹಾಳೆ ಅಂಗಿ ಜೇಬಿನಲ್ಲಿ ಉಳಿಯುತ್ತದೆ, ಅದೇ ಹೆಚ್ಚು ಅಪಾಯ. ಬೇಕಂತಲೇ ತಂದಿದ್ದೋ ಮರೆತದ್ದೋ ಅಂತ ನೋಡೋರಿಗೆ ಹೇಗೆ ಗೊತ್ತಾಗಬೇಕು?

☐ ಖಾಲಿ ಹಾಳೆಯೂ ಬೇಡ. ಒರಟು ಲೆಕ್ಕ ಉತ್ತರಪತ್ರಿಕೆಯಲ್ಲೇ ಮಾಡು.

☐ ಅಜ್ಜಿ ಕುಂಕುಮದ ಪೊಟ್ಟಣ ಕೊಡುತ್ತಾಳೆ, ಅದು ಕಟ್ಟಿರುವುದು ಹಳೇ ನೋಟ್‌ಬುಕ್ಕಿನ ಹಾಳೆಯಲ್ಲಿ. ಹಣೆಗೆ ಇಟ್ಟುಕೊಂಡು ಕಾಗದ ಅವಳಿಗೇ ಕೊಟ್ಟು ಹೊರಡು.

☐ ಅಂಗೈ, ಮಣಿಕಟ್ಟಿನ ಮೇಲೆ ಪೆನ್ನಿನ ಗೀಟು ಇಲ್ಲ. ನೀನು ಸುಮ್ನೆ ಕೂತಾಗ ಕೈ ಮೇಲೆ ಗೀಚುತ್ತೀಯ, ನನಗೆ ಗೊತ್ತು.

ಇನ್ನೊಂದು, ಇದು ಚೀಲದಲ್ಲಿ ಇರುವಂಥದ್ದಲ್ಲ. ನೋಟ್ಸಿನಲ್ಲಿ ಪುಟದ ಮೇಲೆ "ಶ್ರೀ" ಬರೆಯುವ ನಿನ್ನ ರೂಢಿಯನ್ನು ಉತ್ತರಪತ್ರಿಕೆಗೆ ತರಬೇಡ. ಹೆಸರು, ದೇವರ ಹೆಸರು, ಓಂಕಾರ ಯಾವ ಗುರುತೂ ಅಲ್ಲಿ ಇರಬಾರದು. ನೋಂದಣಿ ಸಂಖ್ಯೆ ಕೇಳಿದ ಜಾಗದಲ್ಲಿ ಮಾತ್ರ ಬರಿ. ಟಿಕೆಟ್ ನೋಡಿ ಒಂದೊಂದೇ ಅಂಕಿ ಇಳಿಸು, ಬಾಯಿಪಾಠ ಇದ್ದರೂ.

ಹೊರಡುವಾಗ

ಪರೀಕ್ಷೆ ಶುರು 10 ಗಂಟೆಗೆ, ನೀನು 9ಕ್ಕೆ ಗೇಟಿನಲ್ಲಿ ಇರಬೇಕು. ಕೊಠಡಿ ಸಂಖ್ಯೆ ನೋಟಿಸ್ ಬೋರ್ಡಿನಲ್ಲಿ ಇರುತ್ತದೆ, ಅಲ್ಲಿ ಜಾತ್ರೆ. ಮೊದಲ ದಿನ ಅಪ್ಪ ಬರುತ್ತಾರೆ, ಆಮೇಲಿನ ದಿನ ನೀನೇ ಹೋಗು.

ಮಧ್ಯಾಹ್ನ ಮನೆಗೆ ಬಂದ ತಕ್ಷಣ ಹಾಲ್ ಟಿಕೆಟ್ ಕವರಿನ ಸಮೇತ ದೇವರ ಗೂಡಿಗೆ, ಪೆನ್ನು ಡಬ್ಬಿಗೆ. ಆಮೇಲೆ ಊಟ. ಪ್ರಶ್ನೆಪತ್ರಿಕೆ ತಿರುವಿ ಅಂಕ ಕೂಡಿಸಬೇಡ, ಮುಂದಿನ ಪೇಪರ್ ಇದೆ. ಸಂಜೆ ಏಳಕ್ಕೆ ನಾನು ಹಾಸ್ಟೆಲಿನಿಂದ ಫೋನ್ ಮಾಡ್ತೀನಿ, ಹೇಗೆ ಬರೆದೆ ಅಂತ ಕೇಳಲ್ಲ. ಟಿಕ್ ಎಲ್ಲ ಹಾಕಿ ಆಯ್ತಾ ಅಂತಷ್ಟೇ ಕೇಳ್ತೀನಿ.

ಪ್ಯಾಡು ನನ್ನದು. ಕೊನೆ ಪೇಪರ್ ಆದ ಮೇಲೆ ವಾಪಸ್ ಬೇಕು.

ಅಕ್ಕ