ಕೃತಿಚೌರ್ಯದ ಬಗ್ಗೆ ಹೊಸ ವಿದ್ಯಾರ್ಥಿಗಳಿಗೆ

ಪ್ರಥಮ ಬಿ.ಎ. ವಿದ್ಯಾರ್ಥಿಗಳೇ,

ಮೊದಲ ಅಸೈನ್‌ಮೆಂಟ್‌ಗೆ ಮುಂಚೆ ಒಂದು ಮಾತು. ಬೇರೆಯವರ ಬರಹವನ್ನೋ ವಿಚಾರವನ್ನೋ ಹೆಸರು ಹೇಳದೆ ನಮ್ಮದೆಂದು ಒಪ್ಪಿಸುವುದೇ ಕೃತಿಚೌರ್ಯ. ನಾಲ್ಕು ಪದ ಬದಲಿಸಿದರೂ, ಇಂಗ್ಲಿಷಿನಿಂದ ಕನ್ನಡಕ್ಕೆ ತಂದು ಮೂಲ ಮುಚ್ಚಿಟ್ಟರೂ ಅಷ್ಟೇ.

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು ಎನ್ನಲು ಆಧಾರ ಕೊಡಬೇಕಿಲ್ಲ, ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಹೆಸರು ಬದಲಾಗಲು ಅಷ್ಟು ತಡವೇಕಾಯಿತು ಎಂದು ಇತಿಹಾಸಕಾರರೊಬ್ಬರು ಕೊಟ್ಟ ವಿವರಣೆ ಅವರದು. ಅವರ ಮಾತನ್ನೇ ಬಳಸುವುದಾದರೆ ಒಂದೆರಡು ಸಾಲು ಸಾಕು. ಅಕ್ಷರ ಬದಲಿಸದೆ ಉದ್ಧರಣ ಚಿಹ್ನೆಯೊಳಗೆ ಇಟ್ಟು ಲೇಖಕರು, ಪುಸ್ತಕ, ವರ್ಷ, ಪುಟ ಬರೆಯಿರಿ. ಆಮೇಲೆ ಅದನ್ನು ನೀವೇಕೆ ಒಪ್ಪುತ್ತೀರಿ, ಏಕೆ ಒಪ್ಪುವುದಿಲ್ಲ ಎಂದು ಹೇಳಿ. ನಾನು ಆಸೆಯಿಂದ ಓದುವುದು ಆ ಭಾಗವನ್ನೇ.

ಅನುಮಾನವಿದ್ದರೆ ಒಪ್ಪಿಸುವ ಮೊದಲೇ ಸ್ಟಾಫ್‌ರೂಮಿಗೆ ಬನ್ನಿ.

ನಿಮ್ಮ ಇತಿಹಾಸದ ಮೇಷ್ಟ್ರು