ನಮ್ಮ ಬ್ಯಾಡ್ಮಿಂಟನ್ ಲೀಗಿನ ಎಂಟು ತಂಡಗಳ ಹೆಸರು

ಎಲ್ಲರಿಗೂ ನಮಸ್ಕಾರ. ಈ ಸಲ ಲೀಗ್ ನಡೆಸುವ ಜವಾಬ್ದಾರಿ ಸೊಸೈಟಿಯ ಕನ್ನಡ ಮನೆಗಳಿಗೆ ಬಂದಿದೆ. ತಂಡಗಳಿಗೆ ಹೆಸರು ಹುಡುಕಿ ಇಲ್ಲಿ ಬರೆದಿದ್ದೇನೆ, ಎಲ್ಲರೂ ಒಮ್ಮೆ ಓದಿ.

ಟೈಗರ್ಸ್, ವಾರಿಯರ್ಸ್, ಕಿಲ್ಲರ್ಸ್ ಥರದ್ದು ಒಂದೂ ಇಲ್ಲ. ಬೇಕಂತಲೇ ಬಿಟ್ಟಿದ್ದೇನೆ. ಒಂದೊಂದು ತಂಡದಲ್ಲೂ ಐದನೇ ಕ್ಲಾಸಿನ ಮಕ್ಕಳಿರುತ್ತಾರೆ, ಅರವತ್ತು ದಾಟಿದ ಕಾಕಾ ಇರುತ್ತಾರೆ, ಮದುವೆಯಾದ ಮೇಲೆ ರ್‍ಯಾಕೆಟ್ಟೇ ಹಿಡಿಯದ ಅಕ್ಕಂದಿರು ಈಗ ಮತ್ತೆ ಆಡೋಕೆ ಬರ್ತಿದ್ದಾರೆ. ಹೆಸರು ಕೇಳಿಯೇ ಅವರು ಹಿಂದೆ ಸರಿಯಬಾರದು. ವಿಂಗ್ ಹೆಸರೂ ಬೇಡ. ಎ ವಿಂಗ್, ಬಿ ವಿಂಗ್ ಅಂದ ಕೂಡಲೇ ಪಾರ್ಕಿಂಗ್ ಜಗಳ, ಟ್ಯಾಂಕರ್ ನೀರಿನ ಜಗಳ ಎಲ್ಲಾ ಕೋರ್ಟಿಗೇ ಬಂದು ನಿಲ್ಲುತ್ತೆ. ಅದಕ್ಕೇ ಚೀಟಿ ಎತ್ತಿ ಎಲ್ಲಾ ವಿಂಗಿನವರನ್ನೂ ಕಲಸಿಬಿಡೋಣ.

ನನಗೆ ತುಂಬಾ ಇಷ್ಟವಾದದ್ದು 'ನೆಟ್ಟಾಚೆ ನೆಂಟರು'. ನಡುವೆ ಇರೋದು ಐದಡಿ ಎತ್ತರದ ನೆಟ್ ಅಷ್ಟೇ, ಆಚೆ ನಿಂತವರು ಸಂಜೆ ಮೊಸರಿಗೆ ಹೆಪ್ಪು ಕೇಳಿಕೊಂಡು ನಮ್ಮ ಮನೆಗೇ ಬರೋರು.

ಎರಡನೆಯದು 'ಹದಿನಾರು ಗರಿ'. ಶಟಲ್ ಕೈಯಲ್ಲಿ ಹಿಡಿದು ಎಣಿಸಿ ನೋಡಿ, ಬೂಚಿನ ಸುತ್ತ ಸರಿಯಾಗಿ 16 ಗರಿ ಇರುತ್ತವೆ, ನೂಲಿನಿಂದ ಒಂದಕ್ಕೊಂದು ಹೆಣೆದು ಅಂಟು ಹಾಕಿರುತ್ತಾರೆ. ಇಡೀ ಶಟಲ್‌ನ ತೂಕ ಐದು ಗ್ರಾಂ ಆಸುಪಾಸು. ಅದರಲ್ಲಿ ಒಂದೇ ಒಂದು ಗರಿ ಮುರಿದರೂ ಶಟಲ್ ತೂರಾಡುತ್ತೆ, ಎಷ್ಟೇ ಚೆನ್ನಾಗಿ ಹೊಡೆದರೂ ನೆಟ್ಟಗೆ ಹೋಗಲ್ಲ. ತಂಡದಲ್ಲಿ ಆಡೋಕೆ ಬಾರದವರು ಅಂತ ಯಾರನ್ನೂ ಬೆಂಚ್ ಮೇಲೆ ಕೂರಿಸಬಾರದು ಅನ್ನೋ ಮಾತು ಈ ಹೆಸರಲ್ಲೇ ಇದೆ, ಅದಕ್ಕೇ ಇದನ್ನು ದಯವಿಟ್ಟು ಬದಲಿಸಬೇಡಿ.

ಮೂರು, 'ಲೆಟ್ ಬಿಡ್ರಿ'. ಶಟಲ್ ಗೆರೆ ಒಳಗೆ ಬಿತ್ತೋ ಹೊರಗೆ ಬಿತ್ತೋ ಯಾರಿಗೂ ಕಾಣದಿದ್ದರೆ ಆ ಪಾಯಿಂಟ್ ಮತ್ತೆ ಆಡೋದು ನಿಯಮದಲ್ಲೇ ಇದೆ. ಬೆಳಗಾವಿ, ಧಾರವಾಡ ಕಡೆಯವರು ಇದನ್ನು ಕೂಗುವಾಗ ಕೇಳೋಕೇ ಚೆಂದ. ನಾಲ್ಕು, 'ಇನ್ನೊಂದ್ ಗೇಮ್'. ರಾತ್ರಿ ಹತ್ತಕ್ಕೆ ವಾಚ್‌ಮನ್ ಲೈಟ್ ಆರಿಸೋಕೆ ಬಂದಾಗ ನಾವೆಲ್ಲ ಹೇಳೋದು ಇದನ್ನೇ ಅಲ್ವಾ?

ಊರಿನ ಹೆಸರೂ ಒಂದಿರಲಿ ಅಂತ 'ಪೂನಾ ಪರಿವಾರ'. ಬ್ರಿಟಿಷ್ ಸೈನಿಕರು 19ನೇ ಶತಮಾನದಲ್ಲಿ ಇಲ್ಲೇ ಪುಣೆಯಲ್ಲಿ ಈ ಆಟ ಆಡುತ್ತಿದ್ದಾಗ ಇದಕ್ಕೆ 'ಪೂನಾ' ಅಂತಲೇ ಹೆಸರಿತ್ತು. ಬ್ಯಾಡ್ಮಿಂಟನ್ ಅನ್ನೋದು ಇಂಗ್ಲೆಂಡಿನ ಒಂದು ದೊಡ್ಡ ಬಂಗಲೆಯ ಹೆಸರಿನಿಂದ ಬಂದದ್ದು. ಅಂದ್ರೆ ನಾವು ಆಡ್ತಿರೋದು ಈ ಊರಿನದೇ ಆಟ. ಮರಾಠಿ ಮನೆಯವರಿಗೆ ಇದು ಖಂಡಿತ ಹಿಡಿಸುತ್ತೆ.

ನಮ್ಮ ಕಡೆಯಿಂದ 'ಮೆತ್ತನ್ ಡ್ರಾಪ್'. ಇದು ಪ್ರಕಾಶ್ ಪಡುಕೋಣೆ ಅವರ ನೆನಪಿಗೆ. 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್ ಅವರಂಥ ಭಾರೀ ಸ್ಮ್ಯಾಷ್ ಹೊಡೆಯೋ ಆಟಗಾರನನ್ನು 15-3, 15-10ರಲ್ಲಿ ಸೋಲಿಸಿದ್ದು ಜೋರು ಹೊಡೆತದಿಂದಲ್ಲ, ಶಟಲ್ ಎಲ್ಲಿ ಬೀಳಬೇಕೋ ಅಲ್ಲಿ ಬೀಳಿಸುವ ಕೈಚಳಕದಿಂದ. ಮೊಣಕಾಲು ನೋವಿರೋ ಹಿರಿಯರು ಈ ಚೀಟಿ ಬಂದರೆ ಖುಷಿಪಡಿ.

ಉಳಿದ ಎರಡು ತಿಂಡಿ ತೀರ್ಥದ್ದು: 'ಅಮೃತತುಲ್ಯ' ಮತ್ತು 'ಗಿರಮಿಟ್ ಗೆಳೆಯರು'. ಪುಣೆಯಲ್ಲಿ ಇದ್ದುಕೊಂಡು ಅಮೃತತುಲ್ಯದ ಚಹಾ ಗೊತ್ತಿಲ್ಲದವರಿಲ್ಲ. ಗಿರಮಿಟ್ ಗೊತ್ತಿಲ್ಲದ ನೆರೆಹೊರೆಯವರಿಗೆ ಮೊದಲ ಮ್ಯಾಚಿನ ದಿನ ನಾವೇ ಮಾಡಿ ಕೊಡೋಣ, ಚುರುಮುರಿಗೆ ಮಸಾಲೆ ಕಲಸಿ, ಮೇಲೆ ಹಸಿ ಈರುಳ್ಳಿ, ಪುಟಾಣಿ ಹಿಟ್ಟು, ಪಕ್ಕಕ್ಕೆ ಮಿರ್ಚಿ ಭಜಿ. ಈ ಎರಡು ತಂಡದ ನಡುವಿನ ಮ್ಯಾಚ್ ಭಾನುವಾರ ಸಂಜೆ ಇಟ್ಟರೆ ಒಳ್ಳೇದು.

ಸ್ಕೋರ್ ಬೋರ್ಡಿನಲ್ಲಿ ಹೆಸರುಗಳನ್ನು ಕನ್ನಡದಲ್ಲೂ ದೇವನಾಗರಿಯಲ್ಲೂ ಬರೆಯೋಣ, ಮಕ್ಕಳು ಚಾರ್ಟ್ ಪೇಪರ್ ಕೇಳಿದ್ದಾರೆ. ಯಾವುದಾದರೂ ಹೆಸರು ಬಾಯಿಗೆ ಸಲೀಸಾಗಿ ಬರಲ್ಲ ಅನಿಸಿದರೆ, ಅಥವಾ ಯಾರಿಗಾದರೂ ಚುಚ್ಚುತ್ತೆ ಅನಿಸಿದರೆ ಗುರುವಾರದೊಳಗೆ ಹೇಳಿ. ಶುಕ್ರವಾರ ರಾತ್ರಿ ಊಟ ಆದ ಮೇಲೆ ಕ್ಲಬ್ ಹೌಸಿನಲ್ಲಿ ಚೀಟಿ ಎತ್ತೋದು. ಎಲ್ಲರೂ ಬನ್ನಿ, ಆಡದವರೂ ಬನ್ನಿ.